ಫೆಬ್ರವರಿಯ ಸೆಕೆಗೂ ಗಾಳಿ ಬರುವ ಹೊತ್ತಿಗೂ

ಮಂಗಳೂರಿನಲ್ಲಿ ವರ್ಷದ ಅತಿ ಬಿಸಿಯ ಮಧ್ಯಾಹ್ನ ಯಾವ ತಿಂಗಳಲ್ಲಿ ಬರುತ್ತದೆ ಅಂತ ಘಟ್ಟದ ಮೇಲಿನವರನ್ನು ಕೇಳಿ ನೋಡಿ. ಏಪ್ರಿಲ್ ಅಥವಾ ಮೇ ಅಂತಾರೆ. ಬೇಸಿಗೆ ಅಂದರೆ ಅದೇ ಅಲ್ವಾ? ಆದರೆ ನಮ್ಮ ಕರಾವಳಿಯಲ್ಲಿ ಪಾದರಸ 37, 38 ಡಿಗ್ರಿ ಮುಟ್ಟುವ ದಿನಗಳು ಹೆಚ್ಚಾಗಿ ಬರುವುದು ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದೊಳಗೆ. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿದ್ದು ನೆನಪಿರಬಹುದು. ಉತ್ತರ ಭಾರತದಲ್ಲಿ ಸ್ವೆಟರ್ ಇನ್ನೂ ಪೆಟ್ಟಿಗೆಗೆ ಹೋಗಿರದ ಹೊತ್ತಿಗೆ, ದೇಶದ ಅತಿ ಹೆಚ್ಚು ತಾಪಮಾನದ ಪಟ್ಟಿಯಲ್ಲಿ ಕಾರವಾರವೋ ಹೊನ್ನಾವರವೋ ಮೇಲೆ ಬಂದು ಕೂತಿರುವುದೂ ಉಂಟು.

ಬಿಸಿಲಿನ ಲೆಕ್ಕದಲ್ಲಿ ನೋಡಿದರೆ ಇದು ಸರಿ ಹೋಗುವುದಿಲ್ಲ. ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುವುದು ಏಪ್ರಿಲ್ ಕೊನೆಯ ವಾರದಲ್ಲಿ. ಫೆಬ್ರವರಿಯಲ್ಲಿ ಅವನು ಇನ್ನೂ ತೆಂಕಕ್ಕೆ ವಾಲಿಕೊಂಡಿರುತ್ತಾನೆ. ಹಾಗಿದ್ದರೆ ಬಿಸಿ ಎಲ್ಲಿಂದ ಬರುತ್ತದೆ? ನನಗೆ ಅನಿಸುವ ಪ್ರಕಾರ ಕರಾವಳಿಯಲ್ಲಿ ಒಂದು ದಿನದ ಗರಿಷ್ಠ ತಾಪಮಾನ ಎಷ್ಟು ಅನ್ನುವ ಪ್ರಶ್ನೆ, ಕಡಲಗಾಳಿ ಎಷ್ಟು ಗಂಟೆಗೆ ದಡ ಹತ್ತಿತು ಅನ್ನುವ ಪ್ರಶ್ನೆಯೇ. ಗಾಳಿ ಹನ್ನೊಂದಕ್ಕೆ ಬಂದರೆ ಆವತ್ತು 33. ಎರಡು ಗಂಟೆಗೆ ಬಂದರೆ 37. ಬಿಸಿಲು ಎರಡೂ ದಿನ ಒಂದೇ.

ಶಾಲೆಯಲ್ಲಿ ಎಲ್ಲರೂ ಆ ಚಿತ್ರ ಬಿಡಿಸಿದ್ದೇವೆ. ಒಂದು ಕಡೆ ನೆಲ, ಒಂದು ಕಡೆ ನೀರು, ಮಧ್ಯೆ ಬಾಣದ ಗುರುತುಗಳು. ಹಗಲು ನೆಲ ಬೇಗ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಖಾಲಿಯಾದ ಜಾಗ ತುಂಬಲು ಕಡಲಿನಿಂದ ತಂಪು ಗಾಳಿ ಬರುತ್ತದೆ. ರಾತ್ರಿ ಇದೇ ಉಲ್ಟಾ. ತಪ್ಪೇನಿಲ್ಲ, ಆದರೆ ಸುಮ್ನೆ ಅಷ್ಟೇ ಅಂದುಕೊಂಡರೆ ಫೆಬ್ರವರಿಯ ಕಥೆ ಅರ್ಥ ಆಗುವುದಿಲ್ಲ. ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ನೀರು. ಬಿಸಿಲು ನೀರಿನೊಳಗೆ ಹತ್ತಾರು ಅಡಿ ಇಳಿಯುತ್ತದೆ, ಅಲೆಗಳು ಮೇಲಿನ ನೀರನ್ನು ಕೆಳಗಿನದರ ಜೊತೆ ಕಲಸುತ್ತಲೇ ಇರುತ್ತವೆ, ಮೇಲಾಗಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಕಲ್ಲು ಮಣ್ಣಿಗಿಂತ ಎಷ್ಟೋ ಜಾಸ್ತಿ ಶಾಖ ಬೇಕು. ಹಾಗಾಗಿ ಫೆಬ್ರವರಿಯಲ್ಲಿ ನಮ್ಮ ಕಡಲಿನ ಮೇಲ್ಮೈ ಬೆಳಿಗ್ಗೆಯೂ 28ರ ಆಸುಪಾಸು, ಮಧ್ಯಾಹ್ನವೂ 28ರ ಆಸುಪಾಸು. ದಿನಕ್ಕೆ ಒಂದು ಡಿಗ್ರಿಯೂ ಹೆಚ್ಚು ಕಡಿಮೆ ಆಗುವುದು ಅಪರೂಪ. ನೆಲದಲ್ಲಿ ಹಾಗಲ್ಲ. ದಿನದ ಬಿಸಿ ಒಂದು ಗೇಣಿನ ಆಳಕ್ಕಿಂತ ಕೆಳಗೆ ಹೋಗುವುದೇ ಕಷ್ಟ, ಎಲ್ಲಾ ಶಾಖವೂ ಮೇಲಿನ ತೆಳು ಪದರದಲ್ಲೇ ಉಳಿಯುತ್ತದೆ. ಮಧ್ಯಾಹ್ನ ಒಣ ಮುರಕಲ್ಲಿನ ಗುಡ್ಡದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಗಾಳಿ. ನೆಲದ ಮೇಲಿನ ಗಾಳಿಯ ಕಂಬ ಕಾದಾಗ ಅದು ಹಿಗ್ಗುತ್ತದೆ. ಹಿಗ್ಗಿದಾಗ ಒಂದು ಕಿಲೋಮೀಟರ್ ಎತ್ತರದ ಸುತ್ತಮುತ್ತ, ನೆಲದ ಮೇಲಿನ ಒತ್ತಡ ಕಡಲ ಮೇಲಿನ ಅದೇ ಎತ್ತರದ ಒತ್ತಡಕ್ಕಿಂತ ತುಸು ಜಾಸ್ತಿ ಆಗುತ್ತದೆ. ಆದ್ದರಿಂದ ಗಾಳಿ ಮೊದಲು ಮೇಲ್ಗಡೆ, ನೆಲದಿಂದ ಕಡಲಿನತ್ತ ಜಾರಲು ಶುರು ಮಾಡುತ್ತದೆ. ಹಾಗೆ ಜಾರಿ ಹೋದಷ್ಟು ಗಾಳಿಯ ತೂಕ ನೆಲದ ಮೇಲೆ ಕಡಿಮೆಯಾಗುತ್ತದೆ, ಕೆಳಗಿನ ಒತ್ತಡ ಇಳಿಯುತ್ತದೆ. ಎಷ್ಟು? ಸುಮಾರು ಒಂದು ಮಿಲಿಬಾರ್. ಒಟ್ಟು ಒತ್ತಡ ಸಾವಿರದ ಹತ್ತರಷ್ಟಿರುವಾಗ ಒಂದು ಅಂದರೆ ಏನೂ ಅಲ್ಲ ಅನಿಸುತ್ತದೆ, ಆದರೆ ಹತ್ತಾರು ಕಿಲೋಮೀಟರ್ ಅಗಲದಲ್ಲಿ ಅಷ್ಟು ವ್ಯತ್ಯಾಸ ಸಾಕು, ಗಂಟೆಗೆ 15ರಿಂದ 25 ಕಿ.ಮೀ. ವೇಗದ ಗಾಳಿ ಎದ್ದು ಬರಲು. ಅದು ಐನೂರರಿಂದ ಸಾವಿರ ಮೀಟರ್ ದಪ್ಪದ ಪದರ. ಅದರ ಮೇಲೆ ಗಾಳಿ ಎದುರು ದಿಕ್ಕಿನಲ್ಲಿ ಕಡಲಿಗೆ ವಾಪಸ್ ಹೋಗುತ್ತಿರುತ್ತದೆ.

ರಾತ್ರಿಯ ನೆಲಗಾಳಿ ಇದರ ಸರಿಸಮ ಜೋಡಿ ಅಲ್ಲ. ಪುಸ್ತಕದ ಚಿತ್ರದಲ್ಲಿ ಎರಡೂ ಬಾಣ ಒಂದೇ ಗಾತ್ರ ಇರುತ್ತವೆ, ಅಲ್ಲೇ ಮೋಸ. ಹಗಲು ನೆಲ ಕಡಲಿಗಿಂತ ಹತ್ತು ಹದಿನೈದು ಡಿಗ್ರಿ ಬಿಸಿಯಾಗುತ್ತದೆ, ರಾತ್ರಿ ಅದಕ್ಕಿಂತ ತಣ್ಣಗಾಗುವುದು ಕೆಲವೇ ಡಿಗ್ರಿ. ತಣ್ಣಗಿನ ಗಾಳಿ ಭಾರ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ನೆಲಗಾಳಿ ತೆಳು, ಒಂದೆರಡು ನೂರು ಮೀಟರ್ ದಪ್ಪ, ವೇಗ ಗಂಟೆಗೆ ಐದಾರು ಕಿ.ಮೀ. ನಮ್ಮಲ್ಲಿ ಅದಕ್ಕೆ ಘಟ್ಟದ ಇಳಿಜಾರಿನಿಂದ ಜಾರಿ ಬರುವ ತಂಪು ಗಾಳಿಯೂ ಸೇರುತ್ತದೆ. ಅದು ನೇತ್ರಾವತಿ, ಸೀತಾ ನದಿಗಳ ಕಣಿವೆಯ ದಾರಿ ಹಿಡಿದು ಇಳಿಯುತ್ತದೆ. ಜನವರಿಯಲ್ಲಿ ಹೊಳೆಬದಿಯ ಮನೆಯಲ್ಲಿ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಂತಾಗುವುದು, ಅದೇ ಹೊತ್ತಿಗೆ ಬೀಚಿನ ಪಕ್ಕದ ಮನೆಯಲ್ಲಿ ಫ್ಯಾನ್ ತಿರುಗುತ್ತಿರುವುದು, ಇದರಿಂದಲೇ. ಹಾಯಿ ದೋಣಿಯ ಕಾಲದಲ್ಲಿ ಮೀನಿಗೆ ಹೋಗುವವರು ಬೆಳಗಾಗುವ ಮುಂಚೆ ಈ ಮೂಡುಗಾಳಿಯ ಜೊತೆ ಹೊರಟು, ಮಧ್ಯಾಹ್ನ ಪಡುಗಾಳಿಯ ಜೊತೆ ದಡಕ್ಕೆ ಬರುತ್ತಿದ್ದರು. ಗಾಳಿ ತಿರುಗುವ ಆ ನಡುವಿನ ಒಂದೆರಡು ಗಂಟೆ ಮಾತ್ರ ಹಾಯಿ ಸುಮ್ಮನೆ ಜೋತಾಡುವ ಹೊತ್ತು.

ಇನ್ನು ಫೆಬ್ರವರಿಗೆ ಬರೋಣ. ಇಲ್ಲಿ ಮೂರನೇ ಪಾತ್ರ ಒಂದಿದೆ, ಪುಸ್ತಕದ ಚಿತ್ರದಲ್ಲಿ ಇಲ್ಲದ್ದು. ಅದು ಘಟ್ಟದ ಮೇಲಿನ ಗಾಳಿ.

ಚಳಿಗಾಲದಲ್ಲಿ, ಅದರ ಬಾಲದ ಹಾಗೆ ಬರುವ ಫೆಬ್ರವರಿ ಮಾರ್ಚ್‌ನಲ್ಲಿ, ಪ್ರಸ್ಥಭೂಮಿಯ ಮೇಲೆ ಗಾಳಿ ಹೆಚ್ಚಾಗಿ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಹಾಸನ, ಸಕಲೇಶಪುರದ ಕಡೆಯ ನೆಲ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಅಲ್ಲಿ ಒಂದು ಫೆಬ್ರವರಿ ಮಧ್ಯಾಹ್ನ 30 ಡಿಗ್ರಿ ಇತ್ತು ಅನ್ನಿ, ಅಲ್ಲಿನವರಿಗೆ ಅದು ಹಿತವಾದ ಬಿಸಿಲು. ಒಣ ಗಾಳಿ ಕೆಳಗೆ ಇಳಿದಾಗ ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತದೆ, ಕುಗ್ಗಿದಾಗ ಬಿಸಿಯಾಗುತ್ತದೆ. ಪ್ರತಿ ಸಾವಿರ ಮೀಟರಿಗೆ ಸುಮಾರು 9.8 ಡಿಗ್ರಿ. ಯಾರೂ ಒಲೆ ಹಚ್ಚಬೇಕಿಲ್ಲ, ಇಳಿದರೆ ಸಾಕು. ಹಾಸನದ ಆ 30 ಡಿಗ್ರಿ ಗಾಳಿಯನ್ನು ಹಾಗೇ ಸಮುದ್ರಮಟ್ಟಕ್ಕೆ ತಂದರೆ 39 ಡಿಗ್ರಿ ಮೀರುತ್ತದೆ.

ಪೂರ್ತಿ ಗಾಳಿ ಹಾಗೆ ನೆಲಕ್ಕೆ ಇಳಿಯುವುದಿಲ್ಲ ನಿಜ. ಹೆಚ್ಚಿನದು ಘಟ್ಟದ ಅಂಚಿನಿಂದ ಹಾಗೇ ಪಡುವಣಕ್ಕೆ ಚಾಚಿ, ಕರಾವಳಿಯ ನೆತ್ತಿಯ ಮೇಲೆ ಪಾತ್ರೆಯ ಮುಚ್ಚಳದ ಹಾಗೆ ಕೂರುತ್ತದೆ. ಇದರಿಂದ ಎರಡು ಕೆಲಸ ಆಗುತ್ತದೆ. ಒಂದು, ಬೆಳಿಗ್ಗೆ ನೆಲದ ಬಿಸಿ ಮೇಲೆ ಮೇಲೆ ಹರಡಿಕೊಳ್ಳಲು ಜಾಗ ಸಿಗುವುದಿಲ್ಲ, ತೆಳು ಪದರದಲ್ಲೇ ಸಿಕ್ಕಿಬಿದ್ದು ಪಾದರಸ ಸರಸರನೆ ಏರುತ್ತದೆ. ಹತ್ತು ಹನ್ನೊಂದು ಗಂಟೆಗೆ ಮೇಲಿನ ಒಣ ಬಿಸಿ ಗಾಳಿಯೂ ಕೆಳಗಿನದರ ಜೊತೆ ಕಲೆಯಲು ಶುರುವಾದರೆ ಮುಗಿಯಿತು, ಆಮೇಲೆ 35 ದಾಟುವುದು ದೊಡ್ಡ ಮಾತಲ್ಲ. ಇನ್ನೊಂದು, ಈ ಮೂಡುಗಾಳಿ ಕಡಲಗಾಳಿಗೆ ನೇರ ಎದುರು. ಕಡಲಗಾಳಿ ಹುಟ್ಟುತ್ತದೆ, ಆದರೆ ದಡದಾಚೆ ಕೆಲವು ಕಿಲೋಮೀಟರ್ ದೂರದಲ್ಲಿ ನೀರಿನ ಮೇಲೆಯೇ ತಡೆದು ನಿಲ್ಲುತ್ತದೆ. ನೆಲ ಇನ್ನಷ್ಟು ಕಾದು, ಒತ್ತಡದ ವ್ಯತ್ಯಾಸ ಇನ್ನಷ್ಟು ಬೆಳೆದ ಮೇಲೆಯೇ ಅದಕ್ಕೆ ದಡ ಹತ್ತುವ ತಾಕತ್ತು ಬರುವುದು. ಮೂಡುಗಾಳಿ ತೀರಾ ಜೋರಿದ್ದರೆ, ಗಂಟೆಗೆ 25-30 ಕಿ.ಮೀ. ಮೀರಿದರೆ, ಕೆಲವು ದಿನ ಅದು ಬರುವುದೇ ಇಲ್ಲ ಅಥವಾ ಸಂಜೆ ನಾಲ್ಕಕ್ಕೆ ಕಾಟಾಚಾರಕ್ಕೆ ಬಂದು ಹೋಗುತ್ತದೆ.

ಮಜಾ ಏನೆಂದರೆ, ಮಂಗಳೂರಲ್ಲಿ ಈ ಗಾಳಿ ಬರುವುದನ್ನು ಮನೆಯಲ್ಲೇ ಕೂತು ಹಿಡಿಯಬಹುದು. ತಾಪಮಾನ ಅಳೆಯುವ ಜಾಗ ಇಲ್ಲಿ ಎರಡಿವೆ. ಒಂದು ಪಣಂಬೂರು, ಕಡಲಿನ ಪಕ್ಕವೇ. ಇನ್ನೊಂದು ಬಜಪೆಯ ವಿಮಾನ ನಿಲ್ದಾಣ, ಒಳನಾಡಿನ ಕಡೆ, ನೂರು ಮೀಟರ್ ಎತ್ತರದ ಗುಡ್ಡದ ಮೇಲೆ. ವಿಮಾನ ನಿಲ್ದಾಣದವರು ಪ್ರತಿ ಅರ್ಧ ಗಂಟೆಗೆ ಪೈಲಟ್‌ಗಳಿಗಾಗಿ ಒಂದು ಸಾಲಿನ ಹವಾಮಾನ ವರದಿ ಹಾಕುತ್ತಾರೆ, ಮೆಟಾರ್ ಅಂತ. ಅದನ್ನು ಯಾರು ಬೇಕಾದರೂ ನೋಡಬಹುದು. ಗಾಳಿ ತಡವಾಗಿ ಬಂದ ದಿನ ಅದು ಹೇಗಿರುತ್ತದೆ ಅಂತ ತೋರಿಸಲು ಮೂರು ಸಾಲು ನಾನೇ ಬರೆದಿದ್ದೇನೆ. ಇದು ಮಾದರಿ ಅಷ್ಟೇ, ಯಾವುದೋ ಒಂದು ದಿನದ ದಾಖಲೆ ಅಲ್ಲ:

```
VOML 270500Z 07009KT 6000 NSC 33/15 Q1013 NOSIG
VOML 270730Z 06008KT 6000 NSC 37/13 Q1011 NOSIG
VOML 270830Z 28010KT 6000 NSC 33/23 Q1010 NOSIG
```

`VOML` ಅಂದರೆ ಮಂಗಳೂರು. ಮುಂದಿನದು ತಾರೀಕು, ಸಮಯ. ಸಮಯ ಗ್ರೀನಿಚ್‌ದು, ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಅಂದರೆ ಈ ಮೂರು ಸಾಲು ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಒಂದು ಮತ್ತು ಎರಡು ಗಂಟೆಯವು. `07009KT` ಅಂದರೆ ಗಾಳಿ 70 ಡಿಗ್ರಿ ಕಡೆಯಿಂದ, ಹೆಚ್ಚುಕಡಿಮೆ ಮೂಡಣದಿಂದ, 9 ನಾಟ್ ವೇಗದಲ್ಲಿ ಬರುತ್ತಿದೆ. ಮೂರನೇ ಸಾಲಿನಲ್ಲಿ ಅದು 280 ಆಗಿದೆ, ಅಂದರೆ ಪಡುವಣ. ಗಾಳಿ ತಿರುಗಿತು.

ಜನ ಸಾಮಾನ್ಯವಾಗಿ ನೋಡುವುದು 37 ಇದ್ದದ್ದು 33ಕ್ಕೆ ಇಳಿದದ್ದನ್ನು. ನನಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಅನಿಸುವುದು ಅದರ ಪಕ್ಕದ ಅಂಕಿ. ಅದು ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಅದರ ತೇವ ಹನಿಯಾಗುತ್ತದೆ ಅನ್ನುವ ಲೆಕ್ಕ. ತಾಪಮಾನ ಒಂದು ಮೋಡ ಅಡ್ಡ ಬಂದರೂ ಇಳಿಯುತ್ತದೆ. ಇಬ್ಬನಿ ಬಿಂದು ಒಂದೇ ಗಂಟೆಯಲ್ಲಿ 13ರಿಂದ 23ಕ್ಕೆ ಹಾರಬೇಕಾದರೆ ಗಾಳಿಯೇ ಬೇರೆ ಆಗಿರಬೇಕು. ಅಲ್ಲಿಯವರೆಗೆ ಇದ್ದದ್ದು ಬಯಲುಸೀಮೆಯ ಗಾಳಿ, ಈಗ ಬಂದದ್ದು ಅರಬ್ಬಿ ಸಮುದ್ರದ್ದು. ತುಟಿ ಒಡೆಯುವ ಒಣ ಬಿಸಿ ಹೋಗಿ ಅಂಗಿ ಬೆನ್ನಿಗೆ ಅಂಟುವ ಸೆಕೆ ಶುರುವಾಗುವುದು ಇದೇ ಕ್ಷಣದಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಡಲಗಾಳಿ ಬಂದು ತಂಪು ಮಾಡಿತು ಅಂತ ನಾವು ಹೇಳುತ್ತೇವೆ, ಥರ್ಮಾಮೀಟರ್ ಕೂಡ ಹಾಗೇ ಹೇಳುತ್ತದೆ. ಆದರೆ ಮೈಗೆ? 37 ಡಿಗ್ರಿ, ಇಬ್ಬನಿ ಬಿಂದು 13 ಅಂದರೆ ಸಾಪೇಕ್ಷ ತೇವಾಂಶ ಸುಮಾರು ಶೇಕಡ 24. 33 ಮತ್ತು 23 ಅಂದರೆ ಶೇಕಡ 56. ಬಿಸಿ ಮತ್ತು ತೇವ ಸೇರಿಸಿ ಮೈಗೆ ಎಷ್ಟು ಅನಿಸುತ್ತದೆ ಅಂತ ಲೆಕ್ಕ ಹಾಕುವ ಶಾಖ ಸೂಚ್ಯಂಕದಲ್ಲಿ ಮೊದಲನೆಯದು 36 ಬರುತ್ತದೆ, ಎರಡನೆಯದು 38. ಗಾಳಿ ಬಂದ ಮೇಲೆ ಜಾಸ್ತಿಯೇ! ಒಣ ಗಾಳಿಯಲ್ಲಿ ಬೆವರು ಬಂದ ಹಾಗೇ ಆರುತ್ತದೆ, ಮೈ ತಣ್ಣಗಾಗುತ್ತದೆ, ಬೆವರಿದ್ದು ಗೊತ್ತೂ ಆಗುವುದಿಲ್ಲ. ತೇವದ ಗಾಳಿಯಲ್ಲಿ ಅದು ಆರುವುದಿಲ್ಲ. ಈ ಲೆಕ್ಕ ನೆರಳಿನಲ್ಲಿ, ಹಗುರ ಗಾಳಿಯಲ್ಲಿ ಇರುವವರಿಗೆ. ಬೀಚಿನಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಗಾಳಿಗೆ ಮುಖ ಒಡ್ಡಿ ನಿಂತವರಿಗೆ ಹಾಯ್ ಅನಿಸುವುದು ಸುಳ್ಳಲ್ಲ. ಆದರೆ ಎರಡು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಕಡಲಿನ ತೇವ ಮಾತ್ರ ಬಂದು ಕಡಲಿನ ಗಾಳಿ ಬರದ ಮನೆಗಳಿವೆಯಲ್ಲ, ಅಲ್ಲಿಯವರಿಗೆ ಎರಡು ಗಂಟೆಯ ನಂತರ ಸುಖ ಇಲ್ಲ.

ಗಾಳಿ ಪಣಂಬೂರಿಗೆ ಬಂದ ತಕ್ಷಣ ಎಲ್ಲರಿಗೂ ಬಂದಂತಲ್ಲ. ಅದರ ಮುಂಚೂಣಿ ಗಂಟೆಗೆ ಹತ್ತು ಹದಿನೈದು ಕಿಲೋಮೀಟರ್ ಲೆಕ್ಕದಲ್ಲಿ ಒಳಗೆ ನುಗ್ಗುತ್ತದೆ, ಬಜಪೆಗೆ ಮುಟ್ಟುವಾಗ ಅರ್ಧ ಮುಕ್ಕಾಲು ಗಂಟೆ ತಡ. ಪುತ್ತೂರಿಗೆ ಹೋಗುವಷ್ಟರಲ್ಲಿ ಸಂಜೆ. ಅಷ್ಟು ದೂರ ಕಾದ ನೆಲದ ಮೇಲೆ ನಡೆದು ಅದೂ ಬಿಸಿಯಾಗಿರುತ್ತದೆ. ನನ್ನ ಅಕ್ಕ ಪುತ್ತೂರಿನ ಕಡೆ ಇರುವವಳು. ಮಾರ್ಚ್‌ನಲ್ಲಿ ಅವಳ ಫೋನ್ ಬಂದರೆ ಊಟ ಆಯ್ತಾ ಅಂತ ಕೇಳುವ ಮೊದಲೇ "ನಿಮ್ಗೆ ಗಾಳಿ ಬಂತಾ ಮಾರಾಯ?" ಅಂತ ಕೇಳುತ್ತಾಳೆ. ಬಂತು ಅಂದರೆ, "ಇಲ್ಲಿ ಅಡಿಕೆ ಸೋಗೆ ಒಂದು ಅಲ್ಲಾಡುದಿಲ್ಲ" ಅಂತ ನನ್ನ ಮೇಲೆಯೇ ಸಿಟ್ಟು, ಗಾಳಿ ನಾನು ಹಿಡಿದಿಟ್ಟುಕೊಂಡ ಹಾಗೆ. ಅವಳ ಸಿಟ್ಟಿಗೆ ಕಾರಣ ಉಂಟು. ಕಡಲಿನಿಂದ ಮೂವತ್ತೈದರಿಂದ ಐವತ್ತು ಕಿಲೋಮೀಟರ್ ಒಳಗಿರುವ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯವರು ಘಟ್ಟದ ಮೇಲಿನ ತಂಪಿಗೂ ಇಲ್ಲ, ಕಡಲ ತಂಪಿಗೂ ಇಲ್ಲ. ಇಂಥ ದಿನಗಳಲ್ಲಿ ಅಲ್ಲಿ ಮಂಗಳೂರಿಗಿಂತ ಒಂದೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ. ಆದರೆ ಪತ್ರಿಕೆಯಲ್ಲಿ ಜಿಲ್ಲೆಯ ತಾಪಮಾನ ಅಂತ ಬರುವುದು ಹೆಚ್ಚಾಗಿ ಪಣಂಬೂರಿನದು.

ಬಿಸಿಗಾಳಿ ಅಂತ ಘೋಷಿಸುವ ನಿಯಮದಲ್ಲೂ ಕರಾವಳಿಗೆ ಬೇರೆ ಅಳತೆ ಇದೆ. ಬಯಲಿನಲ್ಲಿ ಗರಿಷ್ಠ 40 ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಫೆಬ್ರವರಿಯಲ್ಲಿ ನಮ್ಮ ವಾಡಿಕೆ 32-33. ಅಂದರೆ ಗಾಳಿ ಮೂರು ಗಂಟೆ ತಡವಾದರೆ ಸಾಕು, ಎಚ್ಚರಿಕೆಯ ಗೆರೆ ಹತ್ತಿರ ಬಂದುಬಿಡುತ್ತದೆ.

ಹಾಗಾದರೆ ಮೇ ತಿಂಗಳಲ್ಲಿ ಏನಾಗುತ್ತದೆ? ಅಷ್ಟು ಹೊತ್ತಿಗೆ ಮೇಲಿನ ಗಾಳಿಯ ದಿಕ್ಕೇ ಬದಲಾಗಿರುತ್ತದೆ, ಮೂಡಣದ ಬದಲು ಪಡುವಣ, ವಾಯವ್ಯದಿಂದ. ಕಡಲಗಾಳಿಗೆ ಈಗ ಎದುರಾಳಿ ಇಲ್ಲ, ತಳ್ಳುವವರೇ ಇದ್ದಾರೆ. ಬೆಳಿಗ್ಗೆ ಒಂಬತ್ತು ಹತ್ತಕ್ಕೆಲ್ಲ ಶುರುವಾಗುತ್ತದೆ, ತಾಪಮಾನ 33-34ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಬಿಸಿಲು ಎಷ್ಟು ಕಾಯಿಸಿದರೂ 30 ಡಿಗ್ರಿಯ ಕಡಲಿನಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ. ಆದರೆ ಇದಕ್ಕೆ ರಾತ್ರಿ ಬೆಲೆ ತೆರಬೇಕು. ತೇವ ತುಂಬಿದ ಆಕಾಶದ ಕೆಳಗೆ ನೆಲ ತಣಿಯುವುದಿಲ್ಲ, ನೆಲಗಾಳಿ ಹುಟ್ಟುವುದೇ ಇಲ್ಲ ಅನ್ನುವಷ್ಟು ಸಪ್ಪೆ. ಜನವರಿಯಲ್ಲಿ 21ಕ್ಕೆ ಇಳಿಯುತ್ತಿದ್ದ ಬೆಳಗಿನ ಜಾವ ಈಗ 26. ನಮ್ಮ ಮೇ ತಿಂಗಳ ಸಂಕಟ ಮಧ್ಯಾಹ್ನದ್ದಲ್ಲ, ರಾತ್ರಿಯದು. ಸರಾಸರಿ ಗರಿಷ್ಠ ತಾಪಮಾನದ ಪಟ್ಟಿ ನೋಡಿದರೆ ಜನವರಿಗೂ ಮೇಗೂ ಒಂದೆರಡು ಡಿಗ್ರಿಯ ವ್ಯತ್ಯಾಸ ಅಷ್ಟೇ. ಕನಿಷ್ಠದ ಪಟ್ಟಿ ನೋಡಿ, ಬೇಸಿಗೆ ಇರುವುದು ಅಲ್ಲಿ.

ಜೂನ್‌ನಲ್ಲಿ ಮಳೆಗಾಲ ಶುರುವಾದರೆ ಇಡೀ ಆಟ ನಿಂತುಹೋಗುತ್ತದೆ. ಮೋಡದ ಕೆಳಗೆ ನೆಲವೂ ಕಡಲೂ ಹೆಚ್ಚುಕಡಿಮೆ ಒಂದೇ ಬಿಸಿ, ಹಗಲು ರಾತ್ರಿ ಎರಡೂ ಹೊತ್ತು ಪಡುಗಾಳಿ.

ಅದಕ್ಕೂ ಮುಂಚೆ ಏಪ್ರಿಲ್ ಮೇನಲ್ಲಿ ಕಡಲಗಾಳಿ ಇನ್ನೊಂದು ಕೆಲಸ ಮಾಡುತ್ತದೆ. ಉಪಗ್ರಹದ ಮಧ್ಯಾಹ್ನದ ಚಿತ್ರ ನೋಡಿದರೆ ದಡದ ಉದ್ದಕ್ಕೂ ಮೋಡವಿಲ್ಲದ ಒಂದು ಪಟ್ಟಿ ಕಾಣುತ್ತದೆ, ಅದರ ಒಳಗಡೆ ಘಟ್ಟಕ್ಕೆ ಒತ್ತಿಕೊಂಡು ಬಿಳಿ ಮೋಡದ ಸಾಲು. ಕಡಲಗಾಳಿ ಎಲ್ಲಿಯವರೆಗೆ ಹೋಯಿತು ಅನ್ನುವುದಕ್ಕೆ ಅದೇ ಗೆರೆ. ತೇವದ ಗಾಳಿ ಘಟ್ಟದ ಗೋಡೆಗೆ ಗುದ್ದಿ ಮೇಲೇರುತ್ತದೆ, ಅಲ್ಲೇ ಮೇಲಿನಿಂದ ಬರುವ ಮೂಡುಗಾಳಿಯೂ ಸಿಕ್ಕರೆ ಸಂಜೆಗೆ ಗುಡುಗು ಮಳೆ. ಸುಳ್ಯದಲ್ಲಿ, ಬೆಳ್ತಂಗಡಿಯಲ್ಲಿ ಅಂಗಳ ತುಂಬಾ ನೀರು, ಅದೇ ಹೊತ್ತಿಗೆ ಸುರತ್ಕಲ್‌ನಲ್ಲಿ ನಾವು ಮೂಡು ದಿಕ್ಕಿನ ಮಿಂಚು ನೋಡಿಕೊಂಡು ಬೆವರು ಒರೆಸಿಕೊಳ್ಳುತ್ತಿರುತ್ತೇವೆ. ಅಕ್ಕನಿಗೆ ಮಾರ್ಚ್‌ನ ಸೇಡು ತೀರುವುದು ಆಗ.

ಕೊನೆಗೆ, ನಾಳೆ ಹೇಗಿರುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ? ಫೋನಿನಲ್ಲಿ ತೋರಿಸುವ ಗರಿಷ್ಠ ತಾಪಮಾನವನ್ನು ಈ ತಿಂಗಳುಗಳಲ್ಲಿ ನಾನು ನಂಬುವುದಿಲ್ಲ. ಜಗತ್ತಿನ ಹವಾಮಾನ ಲೆಕ್ಕ ಹಾಕುವ ಮಾದರಿಗಳು ಭೂಮಿಯನ್ನು ಹತ್ತು, ಇಪ್ಪತ್ತು ಕಿಲೋಮೀಟರ್ ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಮಂಗಳೂರಿನ ಚೌಕದಲ್ಲಿ ಅರ್ಧ ನೆಲ, ಅರ್ಧ ಕಡಲು. ಕಡಿದಾದ ಘಟ್ಟವೂ ಅವುಗಳಿಗೆ ಮೆಲ್ಲಗೆ ಏರುವ ದಿಬ್ಬದ ಹಾಗೆ ಕಾಣುತ್ತದೆ. ಗಾಳಿ ಒಂದು ಗಂಟೆ ಹಿಂದೆ ಮುಂದೆ ಆಗುವುದು ಅಂಥ ಚೌಕದೊಳಗೆ ಸಿಗುವುದಿಲ್ಲ. ಅದರ ಬದಲು ಗಾಳಿಯ ನಕ್ಷೆ ತೋರಿಸುವ ಯಾವುದಾದರೂ ತಾಣದಲ್ಲಿ ಎತ್ತರವನ್ನು `925 hPa` ಅಂತ ಇಟ್ಟು ನೋಡಿ, ಅದು ನೆಲದಿಂದ ಸುಮಾರು 750 ಮೀಟರ್ ಮೇಲಿನ ಗಾಳಿ. ಬೆಳಿಗ್ಗೆ ಒಂಬತ್ತು ಗಂಟೆಗೆ ಅಲ್ಲಿ ಮೂಡಣದಿಂದ ಗಂಟೆಗೆ ಮೂವತ್ತು ಕಿಲೋಮೀಟರ್ ತೋರಿಸುತ್ತಿದ್ದರೆ ಎರಡು ಗಂಟೆಯವರೆಗೆ ಗಾಳಿಯ ಆಸೆ ಬಿಡಿ. ಮಕ್ಕಳನ್ನು ಬಿಸಿಲಿಗೆ ಆಟಕ್ಕೆ ಬಿಡಬೇಡಿ, ಮಾಡಿಗೆ ಹೆಂಚು ಹೊದೆಸುವವರನ್ನು ಏಳಕ್ಕೇ ಬರಲು ಹೇಳಿ ಹನ್ನೊಂದಕ್ಕೆ ಕೆಳಗಿಳಿಸಿ. ಹಪ್ಪಳ, ಸಂಡಿಗೆ ಇಡುವವರು ಮಾತ್ರ ಇಂಥ ದಿನ ಬಿಡಬಾರದು, ಶೇಕಡ 24ರ ತೇವಾಂಶ ನಮ್ಮ ಊರಲ್ಲಿ ವರ್ಷಕ್ಕೆ ಸಿಗುವುದೇ ಕೆಲವು ದಿನ. ಗಾಳಿ ತಿರುಗುವ ಮೊದಲು ಎತ್ತಿ ಒಳಗಿಟ್ಟರೆ ಆಯಿತು.